ಚಪ್ಪಾಳೆ ನುಂಗಿದ ಕ್ರಿಯಾಪದ

ನಾನು ನಿರೂಪಕನಾದದ್ದು ಬಯಸಿ ಅಲ್ಲ. ದನಿ ಗಟ್ಟಿಯಾಗಿದೆ, ಅವತ್ತು ಬೇರೆ ಕೆಲಸವೂ ಇರಲಿಲ್ಲ, ಅರ್ಹತೆ ಅಂತ ಇದ್ದದ್ದು ಇಷ್ಟೇ. ಅತಿಥಿಗಳನ್ನು ಎರಡು ನಿಮಿಷದಲ್ಲಿ ಪರಿಚಯ ಮಾಡಿ ವೇದಿಕೆ ಬಿಟ್ಟುಕೊಟ್ಟರೆ ಸಾಕು ಅಂದರು. ಆ ಎರಡು ನಿಮಿಷದ ಮಾತು ಬರೆಯುವುದಕ್ಕೆ ಎರಡು ರಾತ್ರಿ ಹಿಡಿಯಿತು. ಬಿಟ್ಟುಕೊಡುವುದರ ಬಗ್ಗೆ ಮಾತ್ರ ಏನೂ ಯೋಚಿಸಲಿಲ್ಲ. ಅದರಲ್ಲೇನಿದೆ, ಕರೆದರೆ ಬರುತ್ತಾರೆ ಅಂದುಕೊಂಡೆ.

ಅತಿಥಿಗಳು ಒಬ್ಬ ವಿಜ್ಞಾನಿ. 30 ವರ್ಷ ಇರುವೆಗಳ ಹಿಂದೆ ಬಿದ್ದವರು. ಪರಿಚಯ ಚೆನ್ನಾಗಿಯೇ ಹೋಯಿತು, ಒಂದೆರಡು ಕಡೆ ಜನ ನಕ್ಕರು ಕೂಡ. ಆ ಉತ್ಸಾಹದಲ್ಲಿ ಕೊನೆಯ ವಾಕ್ಯಕ್ಕೆ ಇಳಿದೆ: “ಇಂತಹ ಅಪರೂಪದ ಸಾಧಕರಾದ ಡಾಕ್ಟರ್ ಇಂಥವರು ಈಗ ವೇದಿಕೆಗೆ ಆಗಮಿಸಿ, ತಮ್ಮ ಅನುಭವಗಳನ್ನು ನಮ್ಮೆಲ್ಲರೊಂದಿಗೆ ಹಂಚಿಕೊಳ್ಳಬೇಕೆಂದು ಸಮಿತಿಯ ಪರವಾಗಿ ತುಂಬು ಹೃದಯದಿಂದ ವಿನಂತಿಸಿಕೊಳ್ಳುತ್ತೇನೆ.”

“ಡಾಕ್ಟರ್ ಇಂಥವರು” ಅಂದ ಕೂಡಲೇ ಮುಂದಿನ ಸಾಲಿನಲ್ಲಿ ಐದಾರು ಜನ ಚಪ್ಪಾಳೆ ತಟ್ಟಿದರು. ಅತಿಥಿ ಎದ್ದು ನಿಂತರು. ನನ್ನ ವಾಕ್ಯ ಇನ್ನೂ “ಆಗಮಿಸಿ”ಯಲ್ಲಿತ್ತು. ನಾನು ನಿಲ್ಲಿಸಲಿಲ್ಲ ಅಂತ ತಟ್ಟಿದವರು ಕೈ ಇಳಿಸಿದರು, ಅತಿಥಿಯೂ ಕೂತರು. “ಹಂಚಿಕೊಳ್ಳಬೇಕೆಂದು” ಬಂದಾಗ ಮುಗಿಯಿತೇನೋ ಅಂತ ಮತ್ತೆ ಅರ್ಧ ಎದ್ದರು. “ಸಮಿತಿಯ ಪರವಾಗಿ” ಬಂತು, ಮತ್ತೆ ಕೂತರು. ನಾನು “ವಿನಂತಿಸಿಕೊಳ್ಳುತ್ತೇನೆ” ತಲುಪುವ ಹೊತ್ತಿಗೆ ಚಪ್ಪಾಳೆ ಖರ್ಚಾಗಿ ಹೋಗಿತ್ತು, ಯಾರಿಗೂ ಇನ್ನೊಂದು ಸಲ ಎತ್ತುವ ಧೈರ್ಯವಿರಲಿಲ್ಲ. ಆ ಹೆಂಗಸು ಪೂರ್ತಿ ಮೌನದ ನಡುವೆ ವೇದಿಕೆಗೆ ನಡೆದು ಬಂದರು. 14 ಹೆಜ್ಜೆ. ಚಪ್ಪಲಿ ಸದ್ದು ಕೇಳಿಸುತ್ತಿತ್ತು, ಅದಕ್ಕೇ ಎಣಿಸಲು ಸಾಧ್ಯವಾಯಿತು.

ಕಾರ್ಯಕ್ರಮ ಮುಗಿದ ಮೇಲೆ ಮೈಕ್ ಸೆಟ್ಟಿನ ಹುಡುಗ ವೈರು ಸುತ್ತುತ್ತಾ ಹತ್ತಿರ ಬಂದ. “ಸಾರ್, ತಪ್ಪು ತಿಳ್ಕೋಬೇಡಿ. ನಿಮ್ಮ ಮಾತು ಎಲ್ಲಿ ಮುಗಿಯುತ್ತೆ ಅಂತ ನನಗೇ ಗೊತ್ತಾಗ್ಲಿಲ್ಲ. ಮೇಡಂ ಮೈಕು ಯಾವಾಗ ಎತ್ತಲಿ, ನಿಮ್ದು ಯಾವಾಗ ಇಳಿಸಲಿ? ಮೂರು ಸಲ ಎತ್ತಿ ಮೂರು ಸಲ ಇಳಿಸಿದೆ.”

ಅವನು ಹಾಗೆ ಹೇಳದಿದ್ದರೆ ನಾನು ಸಭಿಕರನ್ನೇ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಕೊನೆಯ ಸಾಲು ಕೇವಲ ಮರ್ಯಾದೆಯ ಮಾತಲ್ಲ, ಅದೊಂದು ಸನ್ನೆ. ಅದನ್ನು ಏಕಕಾಲಕ್ಕೆ ಮೂರು ಕಡೆಯವರು ಕಾಯುತ್ತಿರುತ್ತಾರೆ: ತಟ್ಟಬೇಕಾದವರು, ಏಳಬೇಕಾದವರು, ಗುಂಡಿ ತಿರುಗಿಸಬೇಕಾದವನು. ಮೂವರಿಗೂ ಒಂದೇ ಕ್ಷಣದಲ್ಲಿ ತಿಳಿಯಬೇಕು.

ಇದರಲ್ಲಿ ನಮ್ಮ ಭಾಷೆಯದ್ದೇ ಒಂದು ಫಜೀತಿ ಇದೆ. ಜನ ಚಪ್ಪಾಳೆ ತಟ್ಟುವುದು ಹೆಸರಿಗೆ. ಕನ್ನಡದ ವಾಕ್ಯ ಮುಗಿಯುವುದು ಕ್ರಿಯಾಪದಕ್ಕೆ. ಹೆಸರು ನಡುವೆ ಎಲ್ಲೋ ಬಂದು ಹೋಗಿರುತ್ತದೆ, ಆಮೇಲೆ “ಆದರದಿಂದ ಬರಮಾಡಿಕೊಳ್ಳುತ್ತಿದ್ದೇವೆ” ಅಂತ ಉದ್ದದ ಬಾಲ. ಆ ಬಾಲ ಮುಗಿಯುವವರೆಗೆ ಕೈಗಳು ಗಾಳಿಯಲ್ಲಿ ನಿಂತಿರಬೇಕು.

ಹಾಗಾದರೆ ಬಾಲವನ್ನು ಮುಂದಕ್ಕೆ ತಂದು ಹೆಸರನ್ನು ಹಿಂದಕ್ಕೆ ಹಾಕಿದರಾಯಿತು. ಮುಂದಿನ ಸಲ ಹಾಗೇ ಮಾಡಿದೆ. “ಈಗ ವೇದಿಕೆಗೆ ಬರುತ್ತಿದ್ದಾರೆ, ಇಂಥ ಇಂಥ… ಅವರು.” ಅಂದೆ, ನಿಲ್ಲಿಸಿದೆ. ಚಪ್ಪಾಳೆ ಇಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಅವರು? ಅವರು ಏನು ಮಾಡಿದರು? “ಅವರು” ಅಂದ ಮೇಲೆ ಮುಂದೆ ಒಂದು ಕ್ರಿಯಾಪದ ಬಂದೇ ಬರುತ್ತದೆ ಅಂತ ಚಿಕ್ಕಂದಿನಿಂದ ಅಭ್ಯಾಸವಾದ ಕಿವಿಗಳು ಪಾಪ ಕಾಯುತ್ತಿದ್ದವು. ಸಾಲದ್ದಕ್ಕೆ ಮರ್ಯಾದೆ ತೋರಿಸಲು ಆ “ಅವರು” ಅನ್ನು ಮೆತ್ತಗೆ ಎಳೆದಿದ್ದೆ. ದನಿ ಕೆಳಗಿಳಿಯದೆ ಮೇಲೇ ತೂಗಾಡುತ್ತಿತ್ತು, ಇನ್ನೂ ಇದೆ ಇನ್ನೂ ಇದೆ ಅನ್ನುವಂತೆ.

ಅದಕ್ಕೆ “ಅವರು” ಬಿಟ್ಟು ಬರೀ ಹೆಸರು ಹೇಳಿ ನೋಡಿದೆ. ಚಪ್ಪಾಳೆ ಬಂತು. ಆದರೆ ಆಮೇಲೆ ಸಮಿತಿಯ ಹಿರಿಯರೊಬ್ಬರು ಪಕ್ಕಕ್ಕೆ ಕರೆದರು. “ಏನಪ್ಪಾ, ಅಷ್ಟು ದೊಡ್ಡ ಮನುಷ್ಯರನ್ನ ಹಾಜರಿ ಕೂಗಿದ ಹಾಗೆ ಕೂಗ್ತೀಯಲ್ಲ?”

ಅವರ ಮಾತಿನಲ್ಲೂ ನ್ಯಾಯವಿತ್ತು. ಹೆಸರೇ ಕೊನೆಯ ಪದವಾಗಬೇಕು, ಮರ್ಯಾದೆಯೂ ಉಳಿಯಬೇಕು. ಕೊನೆಗೆ ಹೊಳೆದದ್ದು ಸುಲಭದ್ದು: ಗೌರವವನ್ನೆಲ್ಲ ಹೆಸರಿನ ಹಿಂದೆ ನೇತುಹಾಕುವ ಬದಲು ಮುಂದೆ ಕೂರಿಸುವುದು. ಅದಕ್ಕೂ ಹಿಂದಿನ ವಾಕ್ಯಗಳಲ್ಲಿ “ಅವರು, ಇವರು, ಬಂದಿದ್ದಾರೆ, ನಡೆದಿದ್ದಾರೆ” ಅಂತ ಬಹುವಚನ ಎಷ್ಟು ಬೇಕೋ ಅಷ್ಟು ಹಾಕಿಬಿಡುವುದು. ಕೊನೆಗೆ “ಡಾಕ್ಟರ್” ಅಂದು, ಹೆಸರು ಹೇಳಿ, ಬಾಯಿ ಮುಚ್ಚುವುದು. ಇರುವೆ ವಿಜ್ಞಾನಿಯ ಪರಿಚಯವನ್ನು ಅಭ್ಯಾಸಕ್ಕೆ ಅಂತ ಮತ್ತೆ ಬರೆದು ನೋಡಿದೆ:

“30 ವರ್ಷ ಇರುವೆಗಳ ಸಾಲಿನ ಹಿಂದೆಯೇ ನಡೆದವರು. ಆ ಸಾಲು ಎಲ್ಲಿಗೆ ಹೋಗುತ್ತದೆ ಅಂತ ಇವತ್ತು ನಮಗೂ ತೋರಿಸಲಿದ್ದಾರೆ. ಜೋರು ಚಪ್ಪಾಳೆಯೊಂದಿಗೆ ಬರಮಾಡಿಕೊಳ್ಳೋಣ, ಡಾಕ್ಟರ್…” ಆಮೇಲೆ ಹೆಸರು.

ಇದು ನಡೆಯುತ್ತದೆ, ಏಕೆಂದರೆ ಕ್ರಿಯಾಪದ ಮೊದಲೇ ಮುಗಿದಿರುತ್ತದೆ. “ಚಪ್ಪಾಳೆ” ಅನ್ನುವ ಪದ ಬಿದ್ದಾಗಲೇ ಜನ ಕೈಯಲ್ಲಿದ್ದ ಮೊಬೈಲನ್ನು ತೊಡೆಯ ಮೇಲಿಟ್ಟು ಸಿದ್ಧವಾಗುತ್ತಾರೆ. “ಡಾಕ್ಟರ್” ಅಂದಾಗ ಒಂದು ಚಿಕ್ಕ ಉಸಿರು. ಹೆಸರಿನ ಕೊನೆಯ ಅಕ್ಷರದಲ್ಲಿ ದನಿ ಗಟ್ಟಿಯಾಗಿ ನೆಲಕ್ಕೆ ಇಳಿಯಬೇಕು, ಪ್ರಶ್ನೆಯ ಹಾಗೆ ಮೇಲೇರಬಾರದು. ಇನ್ನೊಂದು: ಪರಿಚಯದ ನಡುವೆ ಆ ಹೆಸರನ್ನು ಹತ್ತು ಸಲ ಹೇಳಿ ಸವೆಸಬಾರದು. ನಾನೊಮ್ಮೆ ಮೊದಲ ವಾಕ್ಯದಲ್ಲೇ ಪೂರ್ತಿ ಹೆಸರನ್ನು ಇದೇ ಠೀವಿಯಲ್ಲಿ ಹೇಳಿ, ಜನ ತಟ್ಟಿ, ಅತಿಥಿ ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲಿ ನಿಂತುಬಿಟ್ಟರು. ಉಳಿದ ಎರಡು ನಿಮಿಷ ಅವರನ್ನು ಅವರ ಎದುರಿಗೇ ಹೊಗಳಿದೆ. ಇಬ್ಬರಿಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಬ್ರಿಟನ್ನಿನ ಮ್ಯಾಕ್ಸ್ ಅಟ್ಕಿನ್ಸನ್ ಅನ್ನುವ ಸಮಾಜವಿಜ್ಞಾನಿ ರಾಜಕೀಯ ಭಾಷಣಗಳ ಧ್ವನಿಮುದ್ರಣ ಇಟ್ಟುಕೊಂಡು ಚಪ್ಪಾಳೆ ಯಾವಾಗ ಹುಟ್ಟುತ್ತದೆ, ಎಷ್ಟು ಹೊತ್ತು ಬದುಕುತ್ತದೆ ಅಂತ ಅಳೆದು, 1984ರಲ್ಲಿ ಪುಸ್ತಕವನ್ನೇ ಬರೆದರು. ಅವರಿಗೆ ಸಿಕ್ಕ ಲೆಕ್ಕದಲ್ಲಿ ಸಾಮಾನ್ಯ ಚಪ್ಪಾಳೆಯ ಆಯಸ್ಸು ಸುಮಾರು 8 ಸೆಕೆಂಡು. ಮೊದಲು ವ್ಯಕ್ತಿಯ ಬಗ್ಗೆ ಸುಳಿವು ಕೊಟ್ಟು ಹೆಸರನ್ನು ಕೊನೆಗೆ ಹೇಳುವ ಉಪಾಯವನ್ನೂ ಅವರು ಗುರುತಿಸಿದ್ದಾರೆ. ನಾನು ಮೂರು ಸಭೆಗಳಲ್ಲಿ ಮಾನ ಕಳೆದುಕೊಂಡು ಕಲಿತದ್ದನ್ನು ಅವರು ಕೂತಲ್ಲೇ ಟೇಪು ಕೇಳಿ ಕಂಡುಕೊಂಡಿದ್ದರು. ಇಂಗ್ಲಿಷಿನಲ್ಲಿ ಹುರುಳಿಲ್ಲದ ಮಾತಿಗೆ “ಕ್ಲಾಪ್‌ಟ್ರ್ಯಾಪ್” ಅನ್ನುತ್ತಾರಲ್ಲ, ಅದು 18ನೇ ಶತಮಾನದ ನಾಟಕದವರ ಪದ. ಚಪ್ಪಾಳೆ ಬೀಳಿಸಲೆಂದೇ ಒಡ್ಡಿದ ಬೋನು ಅಂತ ಅರ್ಥ. ನನ್ನ ಬೋನಿಗೆ ಬೀಳುತ್ತಿದ್ದದ್ದು ಮಾತ್ರ ನಾನೇ.

8 ಸೆಕೆಂಡು ಅಂತ ಗೊತ್ತಾದ ಮೇಲೆ ಇನ್ನೊಂದು ವಿಷಯ ಸ್ಪಷ್ಟವಾಯಿತು. ಅತಿಥಿ ಹತ್ತನೇ ಸಾಲಿನ ನಡುವೆ ಕೂತಿದ್ದರೆ, ಹತ್ತು ಮೊಣಕಾಲು ದಾಟಿ, ಒಂದು ಚೀಲ ತುಳಿದು, ಕ್ಷಮೆ ಕೇಳಿ, ಮೆಟ್ಟಿಲು ಹತ್ತುವುದಕ್ಕೆ 20 ಸೆಕೆಂಡಾದರೂ ಬೇಕು. ಎಂಥ ಒಳ್ಳೆಯ ಸಾಲು ಹೇಳಿದರೂ ಉಳಿದ 12 ಸೆಕೆಂಡು ಮೌನವೇ. ಹಾಗಾಗಿ ಪರಿಚಯ ಶುರುವಾಗುವ ಮೊದಲೇ ಅವರನ್ನು ಮೆಟ್ಟಿಲ ಹತ್ತಿರ ತಂದು ಕೂರಿಸತೊಡಗಿದೆ.

ಉಳಿದ ಪಾಠಗಳು ಚಿಕ್ಕವು, ಆದರೆ ಒಂದೊಂದಕ್ಕೂ ಒಂದೊಂದು ಸಭೆ ಬಲಿಯಾಗಿದೆ. ಹೆಸರು ಹೇಳುವಾಗ ಅತಿಥಿಯ ಕಡೆ ತಿರುಗಿದೆ, ಬಾಯಿ ಮೈಕಿನಿಂದ ಜಾರಿತು, ಹೆಸರು ಅತಿಥಿಗೊಬ್ಬರಿಗೇ ಕೇಳಿಸಿತು. ಅವರಿಗೆ ಅದು ಮೊದಲೇ ಗೊತ್ತಿತ್ತು. ಮೊದಲು ಸಭೆಯನ್ನು ನೋಡುತ್ತಾ ಹೆಸರು ಹೇಳಿ ಮುಗಿಸಿ, ಆಮೇಲೆ ತಿರುಗಬೇಕು. ಮೊದಲ ಚಪ್ಪಾಳೆಯನ್ನು ನಾನೇ ತಟ್ಟಬೇಕು ಅಂತ ಗೊತ್ತಾದಾಗ, ಕೈಯಲ್ಲಿ ಮೈಕಿದೆ ಅನ್ನುವುದು ಮರೆತು ಅಂಗೈಗೆ ಬಡಿದೆ. ಸಭಾಂಗಣದ ತುಂಬಾ ಢಬ್ ಢಬ್ ಅಂತ ಸದ್ದು, ಮೈಕ್ ಹುಡುಗ ಕಿವಿ ಹಿಡಿದುಕೊಂಡ. ಈಗ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿಯೇ ಕೊನೆಯ ಸಾಲು ಹೇಳುವುದು. ಹೆಸರು ಹೇಳಿದ ಮೇಲೆ “ಹಾಂ, ದಯವಿಟ್ಟು ಮೊಬೈಲ್ ಸೈಲೆಂಟ್ ಮಾಡಿ” ಅಂತ ಒಮ್ಮೆ ಸೇರಿಸಿದ್ದೆ. ಆವತ್ತು ಜನ ಚಪ್ಪಾಳೆ ಬಿಟ್ಟು ಮೊಬೈಲ್ ಹುಡುಕಿದರು.

ಎರಡು ವರ್ಷದ ನಂತರ ಅದೇ ಇರುವೆ ವಿಜ್ಞಾನಿಯನ್ನು ಮತ್ತೆ ಕರೆದರು. ನಿರೂಪಣೆ ನನ್ನದೇ. ಆ 14 ಹೆಜ್ಜೆಯ ಸಾಲ ತೀರಿಸಲು ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ ಅಂತ ಕನ್ನಡಿಯ ಮುಂದೆ ಇಪ್ಪತ್ತು ಸಲ ಅಭ್ಯಾಸ ಮಾಡಿದೆ. ಮೆಟ್ಟಿಲ ಪಕ್ಕದಲ್ಲೇ ಕುರ್ಚಿ ಹಾಕಿಸಿ, ಕೈಹಿಡಿದು ಕೂರಿಸಿದಷ್ಟು ಜೋಪಾನವಾಗಿ ಕೂರಿಸಿದೆ. ಮೈಕ್ ಹುಡುಗನಿಗೆ ಕೊನೆಯ ಪದ ಯಾವುದು ಅಂತ ಚೀಟಿಯಲ್ಲಿ ಬರೆದುಕೊಟ್ಟೆ.

ಸಾಲು ಹೇಳಿದೆ. ಎಲ್ಲವೂ ಅಳತೆಗೆ ಸರಿಯಾಗಿ ಬಂತು. “ಡಾಕ್ಟರ್,” ಉಸಿರು, ಹೆಸರು, ದನಿ ನೆಲಕ್ಕೆ. ಮೈಕ್ ಸ್ಟ್ಯಾಂಡಿನಲ್ಲಿದೆ, ನನ್ನ ಎರಡೂ ಕೈ ಖಾಲಿ, ಮೊದಲ ಚಪ್ಪಾಳೆ ನನ್ನದೇ. ಇಡೀ ಸಭಾಂಗಣ ಸಿಡಿದೆದ್ದಿತು. ಹಿಂದಿನ ಸಾಲಿನವರೂ ಬಿಡದೆ ತಟ್ಟುತ್ತಿದ್ದಾರೆ. ಆಗ ಮೆಟ್ಟಿಲ ಕಡೆ ತಿರುಗಿದೆ.

ಕುರ್ಚಿ ಖಾಲಿ.

ಕಣ್ಣು ಹಾಯಿಸುತ್ತಾ ನಗುವನ್ನು ಹಾಗೇ ಹಿಡಿದುಕೊಂಡು ತಟ್ಟುತ್ತಲೇ ಇದ್ದೆ. ಐದು ಸೆಕೆಂಡು, ಆರು, ಏಳು. ಕೊನೆಗೆ ಸಿಕ್ಕರು. ಯಾವುದೋ ಫೋನ್ ಬಂತು ಅಂತ ಹೊರಗೆ ಹೋಗಿದ್ದವರು ಚಪ್ಪಾಳೆಯ ಸದ್ದಿಗೆ ಒಳಗೆ ಬಂದು, ಹಿಂದಿನ ಬಾಗಿಲ ಹತ್ತಿರ ನಿಂತಿದ್ದರು. ಅವರೂ ಎಲ್ಲರ ಜೊತೆ ಜೋರಾಗಿ ತಟ್ಟುತ್ತಿದ್ದರು. ಪಕ್ಕದವರ ಕಿವಿಯಲ್ಲಿ ಏನೋ ಕೇಳಿದ್ದು ಕಾಣಿಸಿತು. ಏನು ಅಂತ ಆ ಪಕ್ಕದವರೇ ಆಮೇಲೆ ಹೇಳಿದರು.

“ಯಾರನ್ನ ಕರೆದರು?”

“ನಿಮ್ಮನ್ನೇ ಮೇಡಂ.”

ಬಾಗಿಲಿಂದ ವೇದಿಕೆಗೆ 41 ಹೆಜ್ಜೆ.