ಏನ್ ಹೇಳ್ದೆ, ಹೇಳ್ರಿ ನೋಡೋಣು

ಆಪರೇಷನ್ ಆಗಿ ಒಂಬತ್ತು ದಿನ ಆಯ್ತು. ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂತು ಮೊಬೈಲಲ್ಲಿ ಇದನ್ನು ಕುಟ್ಟುತ್ತಿದ್ದೇನೆ. ನೋವು ಪರವಾಗಿಲ್ಲ, ಇಳಿದಿದೆ. ಇಳಿಯದೇ ಇರೋದು ಆ ಸಿಸ್ಟರ್ ಮೇಲಿನ ಸಿಟ್ಟು.

ಪುಣೆಯ ಆಸ್ಪತ್ರೆ, ನಾಲ್ಕು ಹಾಸಿಗೆಯ ರೂಮು, ನಡುವೆ ಹಸಿರು ಪರದೆ. ನನ್ನ ಪೈಲ್ಸ್ ಆಪರೇಷನ್ ಮರುದಿನ ಬೆಳಿಗ್ಗೆ 9ಕ್ಕೆ. ರಾತ್ರಿ ಎಂಟಕ್ಕೆ ಡ್ಯೂಟಿಗೆ ಬಂದ ಸಿಸ್ಟರ್ ಫೈಲಿನಲ್ಲಿ ನನ್ನ ಹೆಸರು ನೋಡಿ, "ಕನ್ನಡದವರೇನ್ರೀ ಕಾಕಾ? ಚಲೋ ಆತು ಬಿಡ್ರಿ, ಬಿಡಿಸಿ ಹೇಳ್ಬಹುದು" ಅಂದರು. ಬೈಲಹೊಂಗಲದವರಂತೆ. ನಮ್ಮದು ಶಿರಸಿ. ಇಲ್ಲಿ ಇಪ್ಪತ್ತೆರಡು ವರ್ಷದಿಂದ ಮರಾಠಿಯಲ್ಲೇ ಜಗಳ ಆಡಿ ಸುಸ್ತಾಗಿದ್ದ ನನಗೆ ಖುಷಿಯೇ ಆಯಿತು. ಹತ್ತು ನಿಮಿಷದ ಮಟ್ಟಿಗೆ.

ಆಮೇಲೆ ಗೊತ್ತಾಯ್ತು ಅವರ ಚಟ. ಒಂದು ಮಾತು ಹೇಳೋದು, ಪೆನ್ನು ನಮ್ಮ ಕಡೆ ಚಾಚೋದು, "ಈಗ ಏನ್ ಹೇಳ್ದೆ, ಹೇಳ್ರಿ ನೋಡೋಣು" ಅನ್ನೋದು. ತಲೆ ಆಡಿಸಿದರೆ ಆಗಲ್ಲ, ಬಾಯಿಬಿಟ್ಟು ಹೇಳಬೇಕು. ನರ್ಸಿಂಗ್‌ನಲ್ಲಿ ಹೀಗೇ ಕಲಿಸುತ್ತಾರಂತೆ, ಪೇಷಂಟ್ ತನ್ನ ಮಾತಿನಲ್ಲಿ ತಿರುಗಿ ಹೇಳಿದರೇನೇ ಅರ್ಥ ಆಯ್ತು ಅಂತ ಲೆಕ್ಕ. ಇರಲಿ. ಆದರೆ ಐವತ್ತೆರಡು ವಯಸ್ಸಿನಲ್ಲಿ, ಹೆಂಡತಿ ಎದುರು, ಹಿಂದೆ ಗುಂಡಿಯಿಲ್ಲದ ಆಸ್ಪತ್ರೆ ಗೌನಿನಲ್ಲಿ ಮಗ್ಗಿ ಒಪ್ಪಿಸೋದು ಅಂದ್ರೆ?

"ಒಂಬತ್ತರೊಳಗ ಮೆತ್ತಗ ಅನ್ನ-ಸಾರು ಉಣ್ರಿ. ಹನ್ನೆರಡರ ಮ್ಯಾಲ ಗಟ್ಟಿ ಪದಾರ್ಥ ಏನೂ ಇಲ್ಲ. ಬೆಳಿಗ್ಗೆ ಆರರ ತನಕ ಬರೇ ನೀರು ಕುಡೀಬಹುದು. ಆರಕ್ಕ ಬಿಪಿ ಗುಳಿಗಿ ಒಂದ್ ಗುಟುಕು ನೀರಾಗ ನುಂಗ್ರಿ, ಅಲ್ಲಿಗೆ ನೀರೂ ಬಂದ್. ಏನ್ ಹೇಳ್ದೆ?"

ಒಪ್ಪಿಸಿದೆ.

"ಚಾ?"

"ಚಾ ವಿಷಯ ನೀವು ಹೇಳಲೇ ಇಲ್ಲವಲ್ಲ ಸಿಸ್ಟರ್. ಅದು ನೀರೇ ತಾನೆ?"

ಅವರು ಪೆನ್ನಿನ ಕ್ಯಾಪ್ ಮುಚ್ಚಿ, ಸ್ಟೂಲ್ ಎಳೆದು ಕೂತರು. ಅಲ್ಲಿಗೆ ನನ್ನ ಕತೆ ಮುಗಿಯಿತು ಅಂದುಕೊಳ್ಳಿ. ಹಾಲು ಕುಡಿಯುವಾಗ ನೀರಿನ ಹಾಗೆ ಇಳಿಯುತ್ತೆ, ಹೊಟ್ಟೆಯ ಹುಳಿಗೆ ಸಿಕ್ಕ ಕೂಡಲೇ ಒಡೆದು ಗಡ್ಡೆ ಕಟ್ಟುತ್ತೆ. ಹಾಗಾಗಿ ಹಾಲು ಹಾಕಿದ ಚಹಾಕ್ಕೂ ಊಟದ ಲೆಕ್ಕವೇ, ಕಡಿಮೆ ಅಂದರೂ ಆರು ಗಂಟೆ ಬೇಕು. ಬರೀ ನೀರಾದರೆ ಎರಡು ಗಂಟೆ ಸಾಕು. ಆದರೆ ಮೊದಲಿನ ಪೇಷಂಟ್ ಬರದಿದ್ದರೆ ನಮ್ಮನ್ನೇ ಮುಂಚೆ ಕರೀಬಹುದು, ಅದಕ್ಕೆ ಆರಕ್ಕೇ ನಿಲ್ಲಿಸೋದು.

ನಾನು ಬುದ್ಧಿವಂತ ಅಂತ ತೋರಿಸಬೇಕಲ್ಲ, ಕೇಳಿಯೇಬಿಟ್ಟೆ. "ಆಪರೇಷನ್ ಕೆಳಗೆ, ಚಹಾ ಮೇಲೆ. ಅದೂ ಬೆನ್ನಿಗೆ ಇಂಜೆಕ್ಷನ್, ನಾನು ಎಚ್ಚರವಾಗೇ ಇರ್ತೀನಿ. ಮತ್ತೇನು ತೊಂದರೆ?"

"ಬೆನ್ನಿನ ಇಂಜೆಕ್ಷನ್ ಒಮ್ಮೊಮ್ಮೆ ಸರಿ ಹಿಡಿಯಂಗಿಲ್ರಿ ಕಾಕಾ. ಆವಾಗ ಪೂರ್ತಿ ಮಲಗಿಸಬೇಕಾಗ್ತದ. ನಿಮ್ ಗಂಟಲಾಗ ಒಬ್ಬ ವಾಚ್‌ಮನ್ ಅದಾನ, ನೀರು ತಪ್ಪಿ ಶ್ವಾಸನಾಳಕ್ಕ ಹೊಂಟ್ರ ಕೆಮ್ಮಿಸಿ ಓಡಸ್ತಾನ. ನಿಮ್ ಜೋಡಿ ಅವನೂ ಮಲಗ್ತಾನ. ಹೊಟ್ಟ್ಯಾಗಿನ ಚಾ ಮ್ಯಾಲ ಬಂತು ಅಂದ್ರ ಸೀದಾ ಪುಪ್ಪುಸಕ್ಕ. ಪೈಲ್ಸ್ ಮಾಡಿಸ್ಕೊಳ್ಳಾಕ ಬಂದು ಐಸಿಯುದಾಗ ಮಲಗ್ತೀರೇನು?"

ಮೊನ್ನೆ ಒಬ್ಬರು ಹೀಗೇ, ಬೆಳಿಗ್ಗೆ ಆಚೆ ಅಮೃತತುಲ್ಯ ಚಹಾದಂಗಡಿಗೆ ಹೋಗಿ ಅರ್ಧ ಕಪ್ ಹೊಡೆದು ಬಂದರಂತೆ. ಮೀಸೆ ಮೇಲೆ ಕೆನೆ ಅಂಟಿತ್ತಂತೆ. ಅನಸ್ತೇಷಿಯಾ ಡಾಕ್ಟರು ಟೇಬಲ್ ಹತ್ತಿಸಲೇ ಇಲ್ಲ, ಎರಡು ದಿನ ಮುಂದಕ್ಕೆ ಹೋಯಿತು. ಪಕ್ಕದ ಪರದೆಯ ಹಿಂದೆ ಯಾರೋ ಕೆಮ್ಮಿದರು. ನಾನು ಗಮನ ಕೊಡಲಿಲ್ಲ.

ಮುಂದಿನ ಪಾಠ ಹೊಟ್ಟೆ ಖಾಲಿ ಮಾಡೋದು. ಆಫೀಸಿನ ಗೆಳೆಯನೊಬ್ಬ ಹೆದರಿಸಿಟ್ಟಿದ್ದ, ಪುಡಿ ಕಲಸಿದ ನೀರು ಲೀಟರ್‌ಗಟ್ಟಲೆ ಕುಡಿಸ್ತಾರೆ, ರಾತ್ರಿಯಿಡೀ ಕಮೋಡೇ ಹಾಸಿಗೆ ಅಂತ. ಸಿಸ್ಟರ್ ನಕ್ಕರು. "ಅದು ದೊಡ್ಡ ಕರುಳು ಪೂರ್ತಿ ಕ್ಯಾಮೆರಾ ಹಾಕಿ ನೋಡಾಕ. ನಿಮ್ದು ಬಾಗಲದ ಕೆಲಸ. ಬಾಗಲ ಕಸ ಹೊಡಿಯಾಕ ಮನಿ ಪೂರಾ ತೊಳೀತಾರೇನ್ರಿ?" ಅಷ್ಟು ತೊಳೆದರೆ ಉಲ್ಟಾ ತೊಂದರೆ ಅಂತೆ, ಆಪರೇಷನ್ ನಡುವೆ ತೆಳ್ಳಗೆ ಸೋರುತ್ತಲೇ ಇರುತ್ತೆ. ನನಗೆ ಸಾಕಾಗಿದ್ದು ಬರೀ ಎನಿಮಾ, ಅಂಗೈಯಗಲದ ಒಂದು ಪ್ಲಾಸ್ಟಿಕ್ ಬಾಟಲಿ. ಕೊಡುವ ಮುಂಚೆ ಕಿಡ್ನಿ ತೊಂದರೆ ಇದೆಯಾ, ಹೃದಯದ್ದೇನಾದರೂ ಇದೆಯಾ ಅಂತ ಎರಡೆರಡು ಸಲ ಕೇಳಿದರು. ಅದರಲ್ಲಿರೋದು ಫಾಸ್ಫೇಟ್ ಉಪ್ಪು, ಕಿಡ್ನಿ ಸರಿಯಿಲ್ಲದವರ ರಕ್ತಕ್ಕೆ ಸೇರಿದರೆ ಕಷ್ಟ.

ಎಡಮಗ್ಗುಲು ಮಲಗಬೇಕು. ಕೊನೆಯ ಕರುಳು ಎಡಕ್ಕೇ ಇರೋದರಿಂದ ಔಷಧಿ ಸಲೀಸಾಗಿ ಇಳಿಯುತ್ತೆ. ಮೊಣಕಾಲು ಎದೆಗೆ. ಮರಗಟ್ಟಿಸುವ ಜೆಲ್ ಹಚ್ಚಿದ್ದರಿಂದ ನೋವೇನೂ ಆಗಲಿಲ್ಲ. "ಐದು ನಿಮಿಷ ತಡೀರಿ. ಏನ್ ಹೇಳ್ದೆ?"

"ಐದು ನಿಮಿಷ," ಅಂದೆ. ನಲವತ್ತು ಸೆಕೆಂಡಿಗೆ ಎದ್ದು ಓಡಿದೆ.

ಬಾಗಿಲ ಚಿಲಕ ಹಾಕಿ ಕೂತಿದ್ದೇನೆ, ಹೊರಗಿನಿಂದ ಸಿಸ್ಟರ್ ದನಿ: "ಕಾಕಾ, ಬರೇ ಔಷಧಿ ಬಂತೋ, ಅದರ ಜೋಡಿ ಮತ್ತೇನಾರ ಬಂತೋ?"

ನಾನು ಸುಮ್ನಿದ್ದೆ. ಹೆಂಡತಿ ಸಹಾಯಕ್ಕೆ ಬಂದಳು, ಇನ್ನೂ ಜೋರಾಗಿ. "ರೀ, ಕೇಳ್ತಿದಾರೆ, ಹೇಳ್ರೀ."

"ಔಷಧಿ," ಅಂದೆ ಬಾಗಿಲ ಸಂದಿಗೆ.

"ಬಣ್ಣ?"

"ನೀರಿನ ಹಾಗೆ!"

"ಹಂಗಾದ್ರ ಕೆಲಸ ಆಗಿಲ್ಲ. ಇನ್ನೊಂದ್ ಬಾಟ್ಲಿ ಈಗ ಕೊಡಂಗಿಲ್ಲ, ಒಂದ್ ದಿನಕ್ಕ ಒಂದೇ. ಅಲ್ಲೇ ಕೂಡ್ರಿ, ತಿಣುಕಬ್ಯಾಡ್ರಿ."

ಕೂತೆ. ಬಕೆಟ್ಟಿನ ಮೇಲೆ ಯಾರೋ ಮರೆತುಹೋದ ಮಕ್ಕಳ ಚಪ್ಪಲಿ ಇತ್ತು, ಒಂದೇ ಕಾಲಿಂದು. ಅದನ್ನೇ ನೋಡುತ್ತಾ ಆಯಿ ನೆನಪಾದಳು. ಬೇಸಿಗೆ ರಜೆಯಲ್ಲಿ ಒಂದು ದಿನ ಹರಳೆಣ್ಣೆ ಕುಡಿಸಿ, ಹಿತ್ತಲ ಬಾಗಿಲಲ್ಲಿ ನಿಂತು, "ಆತನಾ? ಎಷ್ಟು ಸಲ ಆತು?" ಅಂತ ಕೂಗೋಳು. ಅದಾದ ಮೇಲೆ ಈ ವಿಷಯವನ್ನು ಕನ್ನಡದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ.

ಹತ್ತು ನಿಮಿಷಕ್ಕೆ ಕೆಲಸ ಆಯಿತು. ನಾನೇ ಕೂಗಿ ಹೇಳಿದೆ, ಬಣ್ಣ ಸಮೇತ.

ಹೊರಗೆ ಬಂದರೆ ಪಕ್ಕದ ಪರದೆ ಸರಿದಿದೆ. ಎಪ್ಪತ್ತರ ಅಜ್ಜ, ದಪ್ಪ ಬಿಳಿ ಮೀಸೆ. ಸಂಜೆಯಿಂದ ನನ್ನ ಹತ್ತಿರ ಮರಾಠಿಯಲ್ಲೇ ಮಾತಾಡಿದವರು. "ನಾವ್ ಅಕ್ಕಲಕೋಟದವ್ರು," ಅಂದರು ನಿಧಾನಕ್ಕೆ. "ನಮ್ಗೂ ಕನ್ನಡ ಬರ್ತದ."

ಅಂದರೆ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಜ್ಜ ಮೀಸೆ ಒರೆಸಿಕೊಂಡರು. "ಆ ಅಮೃತತುಲ್ಯದ ಚಾ ನಂದೇ."

ಬೆಳಿಗ್ಗೆ ಐದೂವರೆಗೆ ಹುಡುಗನೊಬ್ಬ ಕೆಟಲ್ ಹಿಡಿದು ಬಂದ. ಪೇಷಂಟ್ ಕಡೆಯವರಿಗಂತೆ. ಶುಂಠಿ, ಏಲಕ್ಕಿ, ಕೆನೆ ಹಾಲು. ಹೆಂಡತಿ ಲೋಟ ಹಿಡಿದು ಕಿಟಕಿ ಕಡೆ ತಿರುಗಿ ನಿಂತಳು, ಬೆನ್ನು ತಿರುಗಿಸಿದರೆ ವಾಸನೆ ಬರಲ್ಲ ಅನ್ನೋ ಹಾಗೆ. ನಾನು ಕಣ್ಣು ಮುಚ್ಚಿ ಮಲಗಿದೆ. ಪರದೆಯ ಆಚೆ ಅಜ್ಜ ಸಣ್ಣ ದನಿಯಲ್ಲಿ ಶುರು ಮಾಡಿದ್ದರು: "ಹನ್ನೆರಡರ ಮ್ಯಾಲ ಗಟ್ಟಿ ಪದಾರ್ಥ ಇಲ್ಲ. ಆರರ ತನಕ ಬರೇ ನೀರು. ಚಾ ಅಂದ್ರ ಊಟ..."