ಡೈರೆಕ್ಟರ್‌ಗಳು ಕಂಪನಿಗೆ ಲಾಸ್ ಮಾಡಿದ್ರೆ ಸಣ್ಣ ಷೇರ್‌ದಾರ ಕೇಸ್ ಹಾಕ್ಬೋದಾ? ಪರ-ವಿರೋಧ

ಪರ: ಹಾಕ್ಲೇಬೇಕು, ಇನ್ಯಾರು ಹಾಕ್ತಾರೆ?

ಕಂಪನಿಗೆ ನಷ್ಟ ಆದ್ರೆ ಕಂಪನಿನೇ ಕೇಸ್ ಹಾಕ್ಬೇಕು, ಷೇರ್ ಇಟ್ಕೊಂಡಿರೋನಿಗೆ ಆ ಹಕ್ಕಿಲ್ಲ. ಇದು 1843ರಲ್ಲಿ ಇಂಗ್ಲೆಂಡಿನ ಫಾಸ್ ವರ್ಸಸ್ ಹಾರ್ಬಾಟಲ್ ಅನ್ನೋ ಕೇಸಲ್ಲಿ ಗಟ್ಟಿಯಾದ ರೂಲು, ನಮ್ಮ ಕೋರ್ಟ್‌ಗಳೂ ಇವತ್ತಿಗೂ ಇದನ್ನೇ ಹಿಡ್ಕೊಂಡು ಕೂತಿವೆ. ಆ ಕೇಸೇನು ಗೊತ್ತಾ, ಮ್ಯಾಂಚೆಸ್ಟರ್‌ನಲ್ಲಿ ವಿಕ್ಟೋರಿಯಾ ಪಾರ್ಕ್ ಅಂತ ಲೇಔಟ್ ಮಾಡೋಕೆ ಒಂದು ಕಂಪನಿ ಕಟ್ಟಿದ್ರು, ಡೈರೆಕ್ಟರ್‌ಗಳು ತಮ್ಮದೇ ಜಮೀನನ್ನ ಜಾಸ್ತಿ ರೇಟಿಗೆ ಕಂಪನಿಗೇ ಮಾರಿದ್ರು ಅಂತ ಇಬ್ರು ಷೇರ್‌ದಾರರು ಕೋರ್ಟ್‌ಗೆ ಹೋದ್ರು. ಕೋರ್ಟ್ ಹೇಳಿದ್ದು ಇಷ್ಟೇ, ನಷ್ಟ ಆಗಿರೋದು ನಿಮಗಲ್ಲ ಕಂಪನಿಗೆ, ಕೇಸ್ ಬೇಕೋ ಬೇಡ್ವೋ ಅಂತ ಮೆಜಾರಿಟಿ ತೀರ್ಮಾನ ಮಾಡ್ಲಿ, ನೀವು ಹೊರಡಿ.

ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಕಂಪನಿ ಹೆಸರಲ್ಲಿ ಕೇಸ್ ಹಾಕೋ ತೀರ್ಮಾನ ಯಾರು ಮಾಡ್ತಾರೆ? ಬೋರ್ಡು. ಬೋರ್ಡಲ್ಲಿ ಕೂತಿರೋದ್ಯಾರು? ದುಡ್ಡು ತಿಂದೋರು.

ನಮ್ಮ ಮಾವಂದು ಹೇಳ್ತೀನಿ. ತುಮಕೂರು ಹತ್ರ ವಸಂತನರಸಾಪುರ ಕಡೆ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ, ಹೆಸರು ಬೇಡ ಬಿಡಿ. 12 ಜನ ಷೇರ್‌ದಾರರು. ಅಣ್ತಮ್ಮ ಇಬ್ರು ಮತ್ತೆ ಅವರ ಮನೆಯೋರ ಕೈಲಿ 74 ಪರ್ಸೆಂಟು, ಮಾವಂದು 8, ಮಿಕ್ಕಿದ್ದು ಅಲ್ಲಿ ಇಲ್ಲಿ ಚೂರು ಚೂರು. ಕಂಪನಿಗೆ ರೋಡ್ ಪಕ್ಕ 2 ಎಕರೆ ಖಾಲಿ ಜಾಗ ಇತ್ತು. ದೊಡ್ಡೋನು ಎಂಡಿ, ಅವನು ಬೋರ್ಡ್ ರೆಸಲ್ಯೂಷನ್ ಮಾಡ್ಸಿ ಆ ಜಾಗನ ತನ್ನ ಹೆಂಡ್ತಿ ಹೆಸರಿಗೆ 60 ಲಕ್ಷಕ್ಕೆ ರಿಜಿಸ್ಟರ್ ಮಾಡ್ಕೊಟ್ಟ. ಅಕ್ಕಪಕ್ಕದ ಜಮೀನು ಆಗ ಎಕರೆಗೆ 1 ಕೋಟಿ 20 ಲಕ್ಷಕ್ಕೆ ಹೋಗ್ತಿತ್ತು. ಅಂದ್ರೆ 2 ಕೋಟಿ 40 ಲಕ್ಷದ ಆಸ್ತಿ, ಕಂಪನಿಗೆ ನೆಟ್ಟಗೆ 1 ಕೋಟಿ 80 ಲಕ್ಷ ಲಾಸು.

ಮಾವಂಗೆ ಹೆಂಗೆ ಗೊತ್ತಾಯ್ತು ಅನ್ನೋದೂ ತಿಳ್ಕೊಳ್ಳೋ ವಿಷ್ಯನೇ. ಬೋರ್ಡ್ ಮೀಟಿಂಗ್ ಮಿನಿಟ್ಸ್ ಷೇರ್‌ದಾರನಿಗೆ ತೋರ್ಸಲ್ಲ, ಜನರಲ್ ಮೀಟಿಂಗ್ ಮಿನಿಟ್ಸ್ ಅಷ್ಟೇ ನೋಡೋಕೆ ಹಕ್ಕಿರೋದು. ವರ್ಷಾ ವರ್ಷ ಬರೋ ರಿಪೋರ್ಟ್ ಜೊತೆ ಎಒಸಿ-2 ಅಂತ ಒಂದು ಫಾರಂ ಇರುತ್ತೆ, ಡೈರೆಕ್ಟರ್‌ಗಳ ನೆಂಟರ ಜೊತೆ ಮಾಡಿದ ವ್ಯವಹಾರ ಅದರಲ್ಲಿ ತೋರಿಸ್ಬೇಕು. ಆ ವರ್ಷ ಅದರಲ್ಲಿ ಏನೂ ಇರ್ಲಿಲ್ಲ, ಆದ್ರೆ ಬ್ಯಾಲೆನ್ಸ್ ಶೀಟಲ್ಲಿ ಲ್ಯಾಂಡ್ ಅನ್ನೋ ಸಾಲು ಕಮ್ಮಿ ಆಗಿತ್ತು. ಮಾವ ಸೀದಾ ಸರ್ವೆ ನಂಬರ್ ಹಾಕಿ ಇಸಿ, ಅಂದ್ರೆ ಜಾಗ ಯಾರಿಂದ ಯಾರಿಗೆ ಹೋಯ್ತು ಅನ್ನೋ ರಿಜಿಸ್ಟ್ರೇಷನ್ ದಾಖಲೆ, ತೆಗ್ಸಿದ್ರು. ಕೊಂಡವರು ಅನ್ನೋ ಕಾಲಂನಲ್ಲಿ ಎಂಡಿ ಹೆಂಡ್ತಿ ಹೆಸರು ಕಣ್ಣಿಗೆ ರಾಚೋ ಹಂಗೆ ಕೂತಿತ್ತು.

ಈಗ ಫಾಸ್ ರೂಲು ಹಿಡ್ಕೊಂಡು ನೋಡಿ. 1 ಕೋಟಿ 80 ಲಕ್ಷದಲ್ಲಿ ಮಾವನ 8 ಪರ್ಸೆಂಟಿಗೆ ಬರೋದು 14 ಲಕ್ಷ 40 ಸಾವಿರ. ಅದನ್ನ ನನಗೆ ಕೊಡಿ ಅಂತ ಅವರು ಕೇಳಂಗಿಲ್ಲ, ಯಾಕಂದ್ರೆ ಷೇರಿನ ಬೆಲೆ ಇಳಿದದ್ದು ಕಂಪನಿ ನಷ್ಟದ ನೆರಳು ಅಷ್ಟೇ, ಕಂಪನಿಗೆ ದುಡ್ಡು ವಾಪಸ್ ಬಂದ್ರೆ ತಾನೇ ಸರಿ ಹೋಗುತ್ತೆ. ಕಂಪನಿ ಕೇಳ್ಬೇಕು, ಕಂಪನಿ ಕೇಳಲ್ಲ. ಮಾವ ಬೋರ್ಡ್‌ಗೆ ಲೆಟರ್ ಕೊಟ್ರು, ವ್ಯವಹಾರದ ದೃಷ್ಟಿಯಿಂದ ತಗೊಂಡ ತೀರ್ಮಾನ ಅಂತ ಒಂದೇ ಸಾಲು ಉತ್ತರ ಬಂತು. ಆಮೇಲೆ ಜನರಲ್ ಮೀಟಿಂಗ್ ಕರೆದು 74 ಪರ್ಸೆಂಟ್ ಓಟಲ್ಲಿ ಆ ಸೇಲ್‌ಗೆ ಒಪ್ಪಿಗೆನೂ ಹಾಕಿಸ್ಕೊಂಡ್ರು. ತಿಂದೋರೇ ಕೈ ಎತ್ತಿ, ತಿಂದಿದ್ದು ಸರಿ ಅಂದಂಗಾಯ್ತು.

ಈ ಕಂತ್ರಿ ಆಟಕ್ಕೆ ಕೋರ್ಟ್‌ಗಳು ಯಾವತ್ತೋ ಉತ್ತರ ಕೊಟ್ಟಿವೆ. 1916ರ ಕುಕ್ ವರ್ಸಸ್ ಡೀಕ್ಸ್ ಕೇಸಲ್ಲಿ, ಆಗ ಬ್ರಿಟಿಷ್ ಸಾಮ್ರಾಜ್ಯದ ಕೊನೇ ಅಪೀಲ್ ಕೋರ್ಟ್ ಆಗಿದ್ದ ಪ್ರಿವಿ ಕೌನ್ಸಿಲ್ ಹೇಳ್ತು, ಕಂಪನಿಗೆ ಸೇರಿದ್ದನ್ನ ಮೆಜಾರಿಟಿ ತನಗೆ ತಾನೇ ಗಿಫ್ಟ್ ಕೊಟ್ಕೊಳ್ಳಂಗಿಲ್ಲ, ಓಟ್ ಎಷ್ಟಾದ್ರೂ ಇರ್ಲಿ. 1978ರ ಡೇನಿಯಲ್ಸ್ ವರ್ಸಸ್ ಡೇನಿಯಲ್ಸ್ ಅಂತೂ ನಮ್ಮ ಮಾವನ ಕೇಸಿನ ಅವಳಿ. ಗಂಡ ಹೆಂಡ್ತಿ ಇಬ್ರೇ ಡೈರೆಕ್ಟರ್‌ಗಳು, ಮೆಜಾರಿಟಿನೂ ಅವರದ್ದೇ, 1970ರಲ್ಲಿ ಕಂಪನಿ ಜಮೀನನ್ನ ಹೆಂಡ್ತಿಗೆ 4,250 ಪೌಂಡಿಗೆ ಕೊಟ್ರು, ಆಕೆ 1974ರಲ್ಲಿ 1,20,000 ಪೌಂಡಿಗೆ ಮಾರಿದ್ಲು. ವಂಚನೆ ಅಂತ ಆರೋಪನೂ ಮಾಡಿರ್ಲಿಲ್ಲ, ಆದ್ರೂ ಕೋರ್ಟ್ ಸಣ್ಣ ಷೇರ್‌ದಾರರ ಕೇಸನ್ನ ಒಳಗೆ ಬಿಡ್ತು. ಕಂಪನಿ ಖರ್ಚಲ್ಲಿ ಡೈರೆಕ್ಟರ್‌ಗಳೇ ಲಾಭ ಮಾಡ್ಕೊಂಡಿದ್ರೆ ಅಷ್ಟು ಸಾಕು ಅಂತ. ಇದಕ್ಕೇ ಡಿರೈವೇಟಿವ್ ಆಕ್ಷನ್ ಅನ್ನೋದು: ಹೋರಾಡೋನು ಷೇರ್‌ದಾರ, ಹಕ್ಕು ಕಂಪನಿದು, ಗೆದ್ದ ದುಡ್ಡು ಹೋಗೋದು ಕಂಪನಿ ಅಕೌಂಟಿಗೆ.

ನಮ್ಮಲ್ಲಿ ಕಂಪನಿ ಕಾಯ್ದೆ 2013ರಲ್ಲಿ ಡಿರೈವೇಟಿವ್ ಆಕ್ಷನ್ ಅಂತ ಹೆಸರು ಹಾಕಿ ಪ್ರತ್ಯೇಕ ಸೆಕ್ಷನ್ ಬರೆದಿಲ್ಲ, ಇದು ದೊಡ್ಡ ಕೊರತೆ. ಹತ್ರಕ್ಕೆ ಬರೋದು 245ನೇ ಸೆಕ್ಷನ್, ಷೇರ್‌ದಾರರೆಲ್ಲರ ಪರವಾಗಿ ಹಾಕೋ ಕ್ಲಾಸ್ ಆಕ್ಷನ್. ಅರ್ಜಿ ಹೋಗೋದು ಬೆಂಗಳೂರಿನ ಎನ್‌ಸಿಎಲ್‌ಟಿಗೆ, ಅಂದ್ರೆ ಕಂಪನಿ ವ್ಯಾಜ್ಯ ನೋಡೋ ಟ್ರಿಬ್ಯೂನಲ್‌ಗೆ. ಷೇರ್ ಲೆಕ್ಕದಲ್ಲಿ ಲಿಸ್ಟ್ ಆಗದೇ ಇರೋ ಕಂಪನಿಲಿ 5 ಪರ್ಸೆಂಟ್, ಲಿಸ್ಟ್ ಆಗಿರೋದ್ರಲ್ಲಿ 2 ಪರ್ಸೆಂಟ್ ಇರೋರು ಹಾಕ್ಬೋದು, ಇಲ್ಲಾಂದ್ರೆ ತಲೆ ಲೆಕ್ಕದಲ್ಲಿ 100 ಜನ ಅಥವಾ ಒಟ್ಟು ಮೆಂಬರ್‌ಗಳಲ್ಲಿ 5 ಪರ್ಸೆಂಟ್, ಯಾವುದು ಕಮ್ಮಿನೋ ಅದು. 12 ಜನರ ಕಂಪನಿಲಿ 5 ಪರ್ಸೆಂಟ್ ಅಂದ್ರೆ ಒಬ್ರೂ ಸಾಕು. ಮಾವ 8 ಪರ್ಸೆಂಟ್ ಇಟ್ಕೊಂಡು ಆರಾಮಾಗಿ ಒಳಗೆ ಬಂದ್ರು. ಇನ್ನು 166ನೇ ಸೆಕ್ಷನ್ ಪ್ರಕಾರ ಡೈರೆಕ್ಟರ್ ತನಗೋ ತನ್ನ ನೆಂಟರಿಗೋ ಅಕ್ರಮ ಲಾಭ ಮಾಡ್ಕೊಂಡ್ರೆ ಅಷ್ಟೂ ಮೊತ್ತ ಕಂಪನಿಗೆ ಕಟ್ಬೇಕು. ನೆಂಟರು ಅಂತ ಕಾಯ್ದೆನೇ ಬರೆದಿರೋವಾಗ ಹೆಂಡ್ತಿ ಹೆಸರಿಗೆ ಬರೆಸಿ ತಪ್ಪಿಸ್ಕೊಳ್ಳೋ ದಾರಿ ಎಲ್ಲಿದೆ.

ಸಣ್ಣ ಷೇರ್‌ದಾರರು ಸುಮ್ಸುಮ್ನೆ ಕೇಸ್ ಹಾಕಿ ಬ್ಲ್ಯಾಕ್‌ಮೇಲ್ ಮಾಡ್ತಾರೆ ಅಂತ ಒಂದು ಹಳೇ ರಾಗ ಇದೆ. ಸುಳ್ಳು ಅರ್ಜಿ ಅಂತ ಕಂಡ್ರೆ ಎನ್‌ಸಿಎಲ್‌ಟಿ 1 ಲಕ್ಷದವರೆಗೆ ಖರ್ಚು ಕಟ್ಟಿಸ್ಬೋದು ಅಂತ ಅದೇ ಸೆಕ್ಷನ್‌ನಲ್ಲೇ ಇದೆ, ಅರ್ಜಿದಾರ ಒಳ್ಳೇ ಮನಸ್ಸಿಂದ ಬಂದಿದಾನಾ, ಈ ವ್ಯವಹಾರದಲ್ಲಿ ಸ್ವಂತ ಲಾಭ ಇಲ್ಲದ ಬೇರೆ ಮೆಂಬರ್‌ಗಳು ಏನಂತಾರೆ ಅಂತೆಲ್ಲ ನೋಡಿನೇ ಅರ್ಜಿ ತಗೊಳ್ಳೋದು. ಇಷ್ಟು ಜಾಲರಿ ಹಾಕಿದ್ಮೇಲೂ ಭಯ ಪಡೋರು ಯಾರು? ಇಸಿಲಿ ಹೆಂಡ್ತಿ ಹೆಸರು ಇರೋರು.

ಒಂದು ಮಾತ್ರ ಬದಲಾಗ್ಬೇಕು, ಖರ್ಚು. ಗೆದ್ರೆ ದುಡ್ಡು ಕಂಪನಿಗೆ, ಲಾಯರ್ ಫೀಸು ಮಾತ್ರ ಮಾವಂದು. ಇಂಗ್ಲೆಂಡಲ್ಲಿ 1975ರಲ್ಲೇ ವಾಲರ್‌ಸ್ಟೈನರ್ ವರ್ಸಸ್ ಮೊಯಿರ್ ಕೇಸಲ್ಲಿ, ಕಂಪನಿ ಪರ ಹೋರಾಡೋ ಷೇರ್‌ದಾರನ ಖರ್ಚನ್ನ ಕಂಪನಿ ಮೇಲೆ ಹಾಕ್ಬೋದು ಅಂತ ಹೇಳಿದ್ರು. ಸೋತ್ರೂ ಸಹ. ನಮ್ಮಲ್ಲಿ ಎಂಡಿ ಕಂಪನಿ ದುಡ್ಡಲ್ಲೇ ಸೀನಿಯರ್ ಲಾಯರ್ ಇಟ್ಕೊಂಡು ಬರ್ತಾನೆ, ನಮ್ಮ ಮಾವ ಹಿಯರಿಂಗ್ ದಿನ ಬೆಳಿಗ್ಗೆ ಟ್ರೇನಲ್ಲಿ ನಿಂತ್ಕೊಂಡು ಬೆಂಗಳೂರಿಗೆ ಹೋಗ್ತಾರೆ.

ವಿರೋಧ: ಕೇಸ್ ಅಂದ್ರೆ ಕಂಪನಿಗೆ ಎರಡನೇ ಲಾಸು

ನನಗೆ ವಿರೋಧ ಬರೀರಿ ಅಂದ್ರು, ಸರಿ ಅಂದೆ. ನಾನು ಕೋಲಾರ ಕಡೆ ಸಣ್ಣ ಕಂಪನಿಗಳ ಲೆಕ್ಕ ನೋಡೋನು, ಹೆಂಡ್ತಿ ಹೆಸರಿಗೆ ಕಂಪನಿ ಜಾಗ ಬರ್ಕೊಟ್ಟಂಥ ಕೇಸುಗಳನ್ನ ಸಮರ್ಥನೆ ಮಾಡೋಕೆ ನಾನಿಲ್ಲಿ ಬಂದಿಲ್ಲ, ಅದು ಬೇರೆ ಮಾತು, ಅದನ್ನ ಬಿಡೋಣ.

ಪರ ಮಾತಾಡೋರ ಲೆಕ್ಕದಲ್ಲಿ ಡೈರೆಕ್ಟರ್ ಅಂದ್ರೆ ಕಳ್ಳ, ಷೇರ್‌ದಾರ ಅಂದ್ರೆ ಹರಿಶ್ಚಂದ್ರ. ಆದ್ರೆ ಕಂಪನಿಗೆ ಆಗೋ ಲಾಸುಗಳಲ್ಲಿ ಬಹಳಷ್ಟು ಕಳ್ಳತನ ಅಲ್ಲ, ಲೆಕ್ಕಾಚಾರ ತಪ್ಪಿದ್ದು. 1956ರ ಪಾವ್ಲಿಡಿಸ್ ವರ್ಸಸ್ ಜೆನ್ಸನ್ ಕೇಸ್ ನೋಡಿ, ಸೈಪ್ರಸ್‌ನಲ್ಲಿ ಆಸ್ಬೆಸ್ಟಾಸ್ ಗಣಿ, ಸುಮಾರು 10 ಲಕ್ಷ ಪೌಂಡ್ ಬಾಳೋದನ್ನ 1,82,000ಕ್ಕೆ ಮಾರಿದ್ರು ಅಂತ ದೂರು. ಡೈರೆಕ್ಟರ್‌ಗಳು ತಿಂದ್ರು ಅಂತ ಯಾರೂ ಹೇಳ್ಲಿಲ್ಲ, ಬೇಜವಾಬ್ದಾರಿ ಅಂದ್ರು ಅಷ್ಟೇ. ಕೋರ್ಟ್ ಕೇಸ್ ನಡೆಯೋಕೇ ಬಿಡ್ಲಿಲ್ಲ, ದಡ್ಡತನಕ್ಕೆ ಕ್ಷಮೆ ಕೊಡೋದು ಬಿಡೋದು ಮೆಜಾರಿಟಿಗೆ ಸೇರಿದ್ದು ಅಂತು. ನಮ್ಮ 245ರಲ್ಲಿ ವಂಚನೆ, ಕಾನೂನುಬಾಹಿರ ಅನ್ನೋದ್ರ ಜೊತೆಗೆ ತಪ್ಪು ನಡೆ ಅನ್ನೋದೂ ಸೇರ್ಕೊಂಡಿದೆ, ಅದರೊಳಗೆ ಏನನ್ನ ಬೇಕಾದ್ರೂ ತುರುಕ್ಬೋದು. ನಾಳೆ ಟೊಮೇಟೊ ರೇಟು ಬಿದ್ದು ಕೆಚಪ್ ಆರ್ಡರ್‌ನಲ್ಲಿ ಲಾಸ್ ಆದ್ರೆ ಅದಕ್ಕೂ ಅರ್ಜಿ ಹಾಕ್ತಾರೆ.

ನಾನು ಕಣ್ಣಾರೆ ಕಂಡಿದ್ದು ಶ್ರೀನಿವಾಸಪುರದ ಕಡೆ ಒಂದು ಮಾವಿನ ಪಲ್ಪ್ ಫ್ಯಾಕ್ಟರಿ. ನಾಲ್ಕು ಜನ ದಾಯಾದಿಗಳು, ಒಬ್ಬ ಎಂಡಿ. ಎಂಡಿ ಸಕ್ಕರೆ, ಡ್ರಮ್ಮು, ಬ್ಯಾಗು ಎಲ್ಲ ತನ್ನ ಭಾವಮೈದನ ಹತ್ರ ಜಾಸ್ತಿ ರೇಟಿಗೆ ತಗೊಂಡಿದಾನೆ ಅಂತ ಚಿಕ್ಕಪ್ಪನ ಮಗ ಎನ್‌ಸಿಎಲ್‌ಟಿಗೆ ಹೋದ. ಆರೋಪದಲ್ಲಿ ಸ್ವಲ್ಪ ನಿಜನೂ ಇತ್ತು, ಬಿಲ್ ನಾನೇ ನೋಡಿದೀನಿ. ಆದ್ರೆ ಅವನು ಹಾಕಿದ್ದು ಏಪ್ರಿಲ್‌ನಲ್ಲಿ. ಪಲ್ಪ್ ಫ್ಯಾಕ್ಟರಿಗೆ ವರ್ಷದ ದುಡಿಮೆ ಅಂದ್ರೆ ತೋತಾಪುರಿ ಬರೋ ಎರಡು ಮೂರು ತಿಂಗಳು, ಆವಾಗ ಬ್ಯಾಂಕ್ ದಿನದ ವ್ಯವಹಾರಕ್ಕೆ ಕೊಡೋ ಸಾಲ, ಸಿಸಿ ಲಿಮಿಟ್, ಇಲ್ದೆ ಒಂದು ಲೋಡೂ ಇಳಿಸೋಕಾಗಲ್ಲ. ರಿನ್ಯೂವಲ್‌ಗೆ ಹೋದ್ರೆ ಮ್ಯಾನೇಜರ್ ಕೇಸಿನ ಪೇಪರ್ ಮುಂದಿಟ್ಟು, ಮೇಲಿನೋರು ಒಪ್ಪಲ್ಲ ಸಾರ್, ಮೊದಲು ಇದು ಕ್ಲಿಯರ್ ಆಗ್ಲಿ ಅಂದ್ರು. ಜೂನ್‌ನಲ್ಲಿ ಗೇಟ್ ಹೊರಗೆ ಟ್ರಾಕ್ಟರ್ ಸಾಲು, ಕ್ಯಾಶ್ ಕೊಡೋಕಿಲ್ಲ, ರೈತರು ಅರ್ಧ ದಿನ ಕಾದು ಬಯ್ಕೊಂಡು ಬೇರೆ ಫ್ಯಾಕ್ಟರಿಗೆ ತಿರುಗಿಸ್ಕೊಂಡು ಹೋದ್ರು. ಬಾಯ್ಲರ್ ಹಚ್ಚಿದ್ದೇ ಲೇಟು, ಆ ಸೀಸನ್‌ನಲ್ಲಿ ಪ್ಲಾಂಟು ಅರ್ಧಕ್ಕರ್ಧನೂ ಓಡ್ಲಿಲ್ಲ, ಗುತ್ತಿಗೆ ಹುಡುಗ್ರು ಊರು ಬಿಟ್ರು.

ಕೊನೆಗೆ ಏನಾಯ್ತು? ಎಂಡಿ ಆ ಹುಡುಗನ ಷೇರನ್ನ ಒಳ್ಳೇ ರೇಟಿಗೆ ಕೊಂಡ್ಕೊಂಡ, ಹುಡುಗ ಅರ್ಜಿ ವಾಪಸ್ ತಗೊಂಡ. ಭಾವಮೈದನ ಬಿಲ್ಲಿನ ಹೆಚ್ಚುವರಿ ದುಡ್ಡು ಒಂದು ರೂಪಾಯಿನೂ ಕಂಪನಿಗೆ ಬರ್ಲಿಲ್ಲ. ಕಂಪನಿ ಪರವಾಗಿ ಅಂತ ಶುರುವಾಗಿದ್ದು ಹುಡುಗನ ಚೆಕ್‌ನಲ್ಲಿ ಮುಗೀತು. ಉಳಿದ ಇಬ್ರು ದಾಯಾದಿಗಳು ಯಾವ ಕಡೆಗೂ ಇಲ್ದೆ ಲಾಸ್ ತಿಂದ್ರು.

ಅಕಸ್ಮಾತ್ ಗೆದ್ರು ಅಂತಾನೇ ಇಟ್ಕೊಳ್ಳಿ. ದುಡ್ಡು ಕಂಪನಿ ಅಕೌಂಟಿಗೆ ಬರುತ್ತೆ, ಆ ಅಕೌಂಟಿನ ಚೆಕ್‌ಗೆ ಸೈನ್ ಹಾಕೋನು ಅದೇ ಎಂಡಿ. ಮೆಜಾರಿಟಿ ಕೈ ಬದಲಾಗ್ದೆ ಒಂದು ಲಾಸು ವಾಪಸ್ ಬಂದು ಏನು ಪ್ರಯೋಜನ ಅಂತ ಪರ ಬರೆಯೋರು ಯಾರೂ ಹೇಳಲ್ಲ. ಒಟ್ಟಿಗೆ ಇರೋಕಾಗಲ್ಲ ಅಂದ್ರೆ ಕಂಪನಿ ಕಾಯ್ದೆಯ 241, 242ನೇ ಸೆಕ್ಷನ್‌ಗಳಲ್ಲಿ ಷೇರ್ ಕೊಂಡ್ಕೊಳ್ಳಿ ಅಂತ ನೇರವಾಗಿ ಆರ್ಡರ್ ಕೇಳೋದೇ ಮೇಲು, ಕಂಪನಿ ಹೆಸರು ಹಿಡ್ಕೊಂಡು ಸುತ್ತಿ ಬಳಸಿ ಅಲ್ಲಿಗೇ ಬರೋ ಬದಲು.

ನನ್ನ ಹತ್ರ ಹೊಸ ಕಂಪನಿ ಮಾಡೋಕೆ ಬರೋ ಅಣ್ತಮ್ಮಂದ್ರಿಗೆ ನಾನು ಕಂಪನಿಯ ಒಳಗಿನ ನಿಯಮ ಬರೆಯೋ ಆರ್ಟಿಕಲ್ಸ್‌ನಲ್ಲೇ ಒಂದು ಸಾಲು ಸೇರಿಸ್ತೀನಿ: ಡೈರೆಕ್ಟರ್ ಅಥವಾ ಅವರ ನೆಂಟರ ಜೊತೆ ಆಸ್ತಿ ವ್ಯವಹಾರ ಆದ್ರೆ ಹೊರಗಿನ ವ್ಯಾಲ್ಯುಯರ್ ರಿಪೋರ್ಟ್ ಇರ್ಲೇಬೇಕು, ಸಂಬಂಧ ಇಲ್ಲದ ಷೇರ್‌ದಾರರ ಒಪ್ಪಿಗೆ ಇಲ್ದೆ ಆ ವ್ಯವಹಾರ ನಡೆಯಂಗಿಲ್ಲ. ಕಾಯ್ದೆಲಿ ನೆಂಟ ಷೇರ್‌ದಾರರು ಇಂಥದಕ್ಕೆ ಓಟ್ ಹಾಕಂಗಿಲ್ಲ ಅನ್ನೋ ನಿಯಮ ಇದ್ರೂ 2015ರಿಂದ ಪ್ರೈವೇಟ್ ಕಂಪನಿಗಳಿಗೆ ಅದರಿಂದ ವಿನಾಯ್ತಿ ಕೊಟ್ಟುಬಿಟ್ಟಿದಾರೆ, ಅದಕ್ಕೇ ನಾವೇ ಬರ್ಕೋಬೇಕು. ಹತ್ತರಲ್ಲಿ ಎಂಟು ಜನ ಅದನ್ನ ಓದ್ದೇನೇ ಸೈನ್ ಹಾಕ್ತಾರೆ, ಇನ್ನಿಬ್ರು ಓದಿ ತೆಗೆಸಿಬಿಡ್ತಾರೆ.