ಎರಡು ಪವನಿನ ಸರದಲ್ಲಿ 220 ಬೆಸುಗೆ

ಮುಂಬಯಿಗೆ ಬಂದು ಇಪ್ಪತ್ತು ವರ್ಷಗಳಾದರೂ ನಮ್ಮ ಮನೆಯಲ್ಲಿ ಚಿನ್ನದ ಲೆಕ್ಕ ಇನ್ನೂ ಎಂಟು ಗ್ರಾಮಿನ ಪವನಿನಲ್ಲೇ ನಡೆಯುತ್ತದೆ. ಇಲ್ಲಿನ ಅಂಗಡಿಯಲ್ಲಿ ತಟ್ಟೆಯ ತುಂಬ ಸಿದ್ಧ ಸರಗಳನ್ನು ಹರಡಿ ತೂಕ ಮತ್ತು ಮಜೂರಿ ಹೇಳುತ್ತಾರೆ. ಉಡುಪಿಯಲ್ಲಿ ಅಮ್ಮ ಸರ ಮಾಡಿಸುವಾಗ ಅಕ್ಕಸಾಲಿ ಆಚಾರ್ಯರು ಮೊದಲು ಕೇಳುತ್ತಿದ್ದುದು, ದಿನಾ ಹಾಕಿಕೊಳ್ಳಲಿಕ್ಕೋ ಮದುವೆ ಮುಂಜಿಗೋ ಎಂದು.

ಎರಡು ಪವನಿನ, 22 ಇಂಚಿನ ಒಂದು ಸಾದಾ ಕೊಂಡಿ ಸರವನ್ನೇ ತೆಗೆದುಕೊಳ್ಳೋಣ. ತಂತಿ ಸುಮಾರು 0.8 ಮಿಲಿಮೀಟರ್ ದಪ್ಪ, ಕೊಂಡಿಯ ಒಳ ಉದ್ದ ಎರಡೂವರೆ ಮಿಲಿಮೀಟರ್ ಇದ್ದರೆ ಸುಮಾರು 220 ಕೊಂಡಿಗಳು ಬೇಕು. ಕೈಕೆಲಸದಲ್ಲಿ ಚಿನ್ನವನ್ನು ಕಾಯಿಸಿ, ಅಚ್ಚಿನ ತೂತುಗಳಲ್ಲಿ ಎಳೆದು ತಂತಿ ಮಾಡಿ, ಕಡ್ಡಿಗೆ ಸುತ್ತಿ, ಗರಗಸದಲ್ಲಿ ಕತ್ತರಿಸಿ, ಒಂದೊಂದೇ ಕೊಂಡಿಯನ್ನು ಪೋಣಿಸಿ, ಬಾಯಿ ಕೂಡಿಸಿ, ಬಿಳಿಗಾರ ಹಚ್ಚಿ ಬೆಸೆಯಬೇಕು. ಒಂದು ಬೆಸುಗೆಗೆ ಎರಡೇ ನಿಮಿಷ ಹಿಡಿದರೂ ಏಳು ಗಂಟೆ ದಾಟುತ್ತದೆ. ಅರ ಹಾಕುವುದು, ಹೊಳಪು ಕೊಡುವುದು, ಉದುರಿದ ಪುಡಿಯನ್ನು ಕೂಡಿಟ್ಟು ಮತ್ತೆ ಶುದ್ಧಗೊಳಿಸುವುದು ಬೇರೆ. ಯಂತ್ರವು ಕೊಂಡಿಗಳನ್ನು ತಾನೇ ಬಾಗಿಸಿ ಹೆಣೆಯುತ್ತದೆ. ಎಷ್ಟೋ ಕಡೆ ತಂತಿಯ ಒಡಲಲ್ಲೇ ಬೆಸುಗೆ ಲೋಹವಿದ್ದು, ಇಡೀ ಸರ ಒಲೆಯೊಳಗಿಂದ ಸಾಗಿದಾಗ ಎಲ್ಲ ಕೀಲುಗಳೂ ಒಂದೇ ಓಟದಲ್ಲಿ ಕೂಡಿಕೊಳ್ಳುತ್ತವೆ. ಕೈಯ ಸರಕ್ಕೂ ಯಂತ್ರದ ಸರಕ್ಕೂ ಮಜೂರಿಯಲ್ಲಿರುವ ಅಂತರವೆಂದರೆ ಮುಖ್ಯವಾಗಿ ಈ ಕೆಲಸದ ಹೊತ್ತು. ಚಿನ್ನ ಎರಡರಲ್ಲೂ ಒಂದೇ.

ಯಾವುದು ಕೈಯದು, ಯಾವುದು ಯಂತ್ರದ್ದು ಎಂದು ಗುರುತಿಸಲು ಭೂತಗನ್ನಡಿ ಸಾಕು. ಯಂತ್ರದ ಸರದಲ್ಲಿ ಕೊಂಡಿಗಳು ತದ್ರೂಪಿ, ಕೀಲು ಎಲ್ಲದರಲ್ಲೂ ಒಂದೇ ಜಾಗದಲ್ಲಿರುತ್ತದೆ. ಕೈಯ ಸರದಲ್ಲಿ ಬೆಸುಗೆಯ ಗೆರೆ ಒಂದರಲ್ಲಿ ತುಸು ಮೇಲೆ, ಇನ್ನೊಂದರಲ್ಲಿ ತುಸು ಪಕ್ಕಕ್ಕೆ ಇದ್ದು, ಅಲ್ಲಿ ಬಣ್ಣವೂ ಕೊಂಚ ಮಾಸಲಾಗಿ ಕಾಣಬಹುದು. ಒಳಬದಿಯನ್ನು ನೋಡಬೇಕು, ಏಕೆಂದರೆ ಹೊರಬದಿಯನ್ನು ಪಾಲಿಶ್ ಮುಚ್ಚಿಬಿಡುತ್ತದೆ. ಯಂತ್ರದ ಕೊಂಡಿಗಳನ್ನು ಕೈಯಲ್ಲಿ ಜೋಡಿಸಿದ ಸರಗಳೂ ಉಂಟಾದ್ದರಿಂದ ಒಂದೆರಡು ಕೊಂಡಿ ನೋಡಿ ತೀರ್ಮಾನಿಸಬಾರದು. ಹಾಲ್‌ಮಾರ್ಕ್ ಇಲ್ಲಿ ನೆರವಿಗೆ ಬರುವುದಿಲ್ಲ. 916 ಎಂಬುದು ಶುದ್ಧತೆಯನ್ನು ಹೇಳುತ್ತದೆಯೇ ಹೊರತು ಯಾರು ಮಾಡಿದರೆಂಬುದನ್ನಲ್ಲ.

ನನಗೆ ಹೀಗೆ ನೋಡಿ ಕೊಳ್ಳುವುದರ ಬೆಲೆ ತಿಳಿದದ್ದು ಸರ ಹರಿದ ದಿನ. ಹೆಂಡತಿಯ ಯಂತ್ರದ ಸರವನ್ನು ಮುಂಬಯಿಯಲ್ಲೇ ಕೊಂಡಿದ್ದೆವು. ನೋಡಲು ದಪ್ಪ, ಕೈಗೆ ಹಗುರ. ಟೊಳ್ಳು ತಂತಿಯದೆಂದು ಮಾರಿದವರು ಹೇಳಿರಲಿಲ್ಲ. ರಿಪೇರಿಯಲ್ಲಿ ಜ್ವಾಲೆ ತಾಗಿದೊಡನೆ ಪಕ್ಕದ ಎರಡು ಕೊಂಡಿಗಳ ತೆಳು ಗೋಡೆ ಕುಸಿಯಿತು. ಅಮ್ಮನ ಸರ ಸವೆದಾಗ ಉಡುಪಿಯ ಆಚಾರ್ಯರು ಕೊಕ್ಕೆಯ ಬಳಿಯ ಮೂರು ಕೊಂಡಿ ತೆಗೆದು, ಅದೇ ದಪ್ಪದ ಹೊಸ ಮೂರನ್ನು ಬೆಸೆದು ಸಂಜೆಗೆ ಕೊಟ್ಟರು.

ಆದರೂ ದೋಷ ಯಂತ್ರದ್ದಲ್ಲ, ಟೊಳ್ಳಿನದು. ಗಟ್ಟಿ ತಂತಿಯ ಯಂತ್ರದ ಸರ ದಿನಬಳಕೆಗೆ ಚೆನ್ನಾಗಿಯೇ ಬಾಳುತ್ತದೆ, ಅದನ್ನೂ ಬೆಸೆಯಬಹುದು. ನನ್ನ ತಕರಾರು ಯಂತ್ರದ ಸರಕ್ಕೆ ಕೈಕೆಲಸದ ಮಜೂರಿ ಹಾಕುವುದರ ಬಗ್ಗೆ ಮಾತ್ರ. ಹೆಚ್ಚು ಮಜೂರಿ ಕೇಳಿದಲ್ಲಿ ಗಟ್ಟಿಯೋ ಟೊಳ್ಳೋ, ಕೈಯದೋ ಯಂತ್ರದ್ದೋ ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳುತ್ತೇನೆ. ಬರೆಯಲು ಹಿಂಜರಿದರೆ ಹಣವನ್ನು ಊರಿಗೆ ಹೋಗುವವರೆಗೆ ಇಟ್ಟುಕೊಳ್ಳುತ್ತೇನೆ.